ಕಾಕಾನ ಎಡಗೈ ಮತ್ತು ನನ್ನ ಶನಿವಾರಗಳು

ತಿಂಗಳ ಕೊನೆ ಅಂದರೆ ನಮ್ಮ ಅಂಗಡಿಯಲ್ಲಿ ಹೆರಿಗೆಮನೆ ಇದ್ದ ಹಾಗೆ. ಯಾರೂ ಜೋರಾಗಿ ಮಾತಾಡುವಂತಿಲ್ಲ, ಫ್ಯಾನು ಜೋರಾಗಿ ತಿರುಗುವಂತಿಲ್ಲ, ಕಾಗದ ಹಾರುತ್ತವೆ. ಸಾಹುಕಾರರು ಸಹ ಮೆಟ್ಟಿಲ ತುದಿಯಲ್ಲಿ ನಿಂತು, "ಎಲ್ಲಿಗೆ ಬಂತ್ರಿ?" ಎಂದು ಪಿಸುಗುಟ್ಟಿ ಇಳಿದುಹೋಗುತ್ತಾರೆ.

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ನಮ್ಮ ಅಂಗಡಿ. ಡ್ರಿಪ್ ಪೈಪು, ಗೊಬ್ಬರ, ದ್ರಾಕ್ಷಿ ತೋಟದ ಔಷಧಿ. ತಿಕೋಟಾದಲ್ಲಿ ಒಂದು ಶಾಖೆ, ಬಬಲೇಶ್ವರದಲ್ಲಿ ಇನ್ನೊಂದು. ಮಾಲು ಇಲ್ಲಿಯ ಗೋದಾಮಿನಿಂದ ಚಲನ್ ಚೀಟಿ ಸಮೇತ ಆ ಎರಡೂ ಕಡೆ ಹೋಗುತ್ತದೆ. ತಿಂಗಳು ಮುಗಿಯುವಾಗ ನಾವು ಕಳಿಸಿದ್ದೆಷ್ಟು, ಅವರಿಗೆ ಮುಟ್ಟಿದ್ದೆಷ್ಟು ಎಂದು ತಾಳೆ ನೋಡಿ, ಬ್ಯಾಂಕಿಗೆ ಸ್ಟಾಕಿನ ಪಟ್ಟಿ ಕೊಡಬೇಕು. ನಾನು ಅಲ್ಲಿ ಅಕೌಂಟೆಂಟ್. ನನ್ನ ಮೇಲೆ ಒಬ್ಬರು ಹಿರಿಯರು, ತೊರವಿಯಿಂದ ಸ್ಕೂಟರಿನಲ್ಲಿ ಬರುವವರು. ಅಂಗಡಿಗೆಲ್ಲ ಅವರು ಕಾಕಾ, ನನಗೂ ಕಾಕಾ.

ತಾಳೆ ನೋಡುವ ಪದ್ಧತಿ ಅವರೇ ಹಾಕಿಕೊಟ್ಟದ್ದು. ಎರಡೂ ಪಟ್ಟಿಯ ಪ್ರಿಂಟು ತೆಗೆದು, ಎಡಕ್ಕೊಂದು ಬಲಕ್ಕೊಂದು ಇಟ್ಟುಕೊಂಡು, ಸ್ಕೇಲು ಸರಿಸುತ್ತ ಸಾಲಿಗೆ ಸಾಲು ಗುರುತು ಹಾಕುವುದು. ತಾಳೆ ಕೂಡಿದ್ದಕ್ಕೆ ಹಸಿರು ಪೆನ್ಸಿಲ್, ಕೂಡದ್ದಕ್ಕೆ ಕೆಂಪು.

"ಕಣ್ಣೀಲೆ ನೋಡಿ ಕೈಲೆ ಗುರ್ತ ಹಾಕಿದ್ದು ಖರೇ ಯವ್ವಾ. ಮಷಿನ್ ಹೇಳಿದ್ದು ಮಷಿನ್ನಿಂದಾತು, ನಿಂದಲ್ಲ," ಎನ್ನುತ್ತಿದ್ದರು. ನಾನು ಅದನ್ನು ಶಾಸ್ತ್ರದಂತೆ ನಂಬಿದ್ದೆ. ಡಿಗ್ರಿ ಮುಗಿಸಿ ಬಂದವಳಿಗೆ ಡೆಬಿಟ್ಟು ಕ್ರೆಡಿಟ್ಟಿನ ನಿಜವಾದ ಅರ್ಥ ತಿಳಿಸಿದವರು ಅವರು. ಸಾಹುಕಾರರು ರೇಗಿದಾಗ ನನ್ನ ಪರ ನಿಂತವರೂ ಅವರೇ. ಹಾಗಾಗಿ ಪೆನ್ಸಿಲು ಹಿಡಿ ಎಂದರೆ ಹಿಡಿದೆ.

ತಿಕೋಟಾದ ಪಟ್ಟಿ ನನ್ನದು, ಬಬಲೇಶ್ವರದ್ದು ಅವರದು. ದ್ರಾಕ್ಷಿ ಬಳ್ಳಿ ಕತ್ತರಿಸುವ ಚಾಟನಿ ಶುರುವಾದರೆ ನನ್ನ ಪಟ್ಟಿ ಗೋದಾಮಿನ ಬಾಗಿಲತನಕ ಉದ್ದವಾಗುತ್ತಿತ್ತು. ನಾಲ್ಕೈದು ದಿನ ಬೇಕು, ಕತ್ತು ಹಿಡಿಯುತ್ತಿತ್ತು, ಕಣ್ಣಲ್ಲಿ ನೀರು. ಕಾಕಾ ಮಾತ್ರ ತಮ್ಮ ಪಾಲನ್ನು ಎರಡನೇ ದಿನ ಮಧ್ಯಾಹ್ನಕ್ಕೆ ಮುಗಿಸಿ, ಕನ್ನಡಕ ಒರೆಸಿಕೊಂಡು ಎದ್ದುಬಿಡುತ್ತಿದ್ದರು. ಅವರ ಪ್ರಿಂಟಿನ ಮೇಲೆ ಗುರುತುಗಳೂ ಕಡಿಮೆ. "ನಮ್ಮ ಕಾಕಾನ ಕಣ್ಣು ಹದ್ದಿನ ಕಣ್ಣು," ಎಂದು ನಾನೇ ಊರೆಲ್ಲ ಡಂಗುರ ಸಾರಿದ್ದೇನೆ. ಅವರ ಮೇಜು ಗೋಡೆಗೆ ಬೆನ್ನು ಮಾಡಿತ್ತು, ಕಂಪ್ಯೂಟರಿನ ಮುಖ ಅವರಿಗೊಬ್ಬರಿಗೇ ಕಾಣುವಂತೆ.

ಇದರಲ್ಲಿ ನನಗಿದ್ದ ನಷ್ಟ ಒಂದೇ, ಆದರೆ ಅದು ಸಣ್ಣದಲ್ಲ. ನನ್ನ ಮಗಳ ಶಾಲೆಯಲ್ಲಿ ತಂದೆತಾಯಂದಿರ ಸಭೆ ತಿಂಗಳ ಕೊನೆಯ ಶನಿವಾರ. ಒಂದನೇ ಇಯತ್ತೆಯಿಂದಲೂ ಆ ಶನಿವಾರ ನಾನು ಸ್ಕೇಲು ಸರಿಸುತ್ತ ಕೂತಿರುತ್ತಿದ್ದೆ, ಶಾಲೆಗೆ ನನ್ನ ಅತ್ತೆ ಹೋಗುತ್ತಿದ್ದರು. ಮೊದಮೊದಲು ಮಗಳು ಅಳುತ್ತಿದ್ದಳು. ಆಮೇಲೆ ಬಾಗಿಲಲ್ಲಿ ನಿಂತು ಸುಮ್ಮನೆ ನೋಡುತ್ತಿದ್ದಳು. ಆಮೇಲಾಮೇಲೆ ನೋಡುವುದನ್ನೂ ಬಿಟ್ಟಳು.

ಕಾಕಾನಿಗೆ ಇದೆಲ್ಲ ಗೊತ್ತಿತ್ತು. ಪ್ರತಿ ಸಲ ಆ ಶನಿವಾರ ಡ್ರಾವರಿನಿಂದ ಒಣದ್ರಾಕ್ಷಿಯ ಪೊಟ್ಟಣ ತೆಗೆದು, "ಕೂಸಿಗೆ ಕೊಡು. ಅವ್ವ ಬರಲಿಲ್ಲಂತ ಸಿಟ್ಟ ಮಾಡ್ಕೋಬ್ಯಾಡ ಅಂತ ಅಜ್ಜ ಹೇಳ್ಯಾನ ಅನ್ನು," ಎನ್ನುತ್ತಿದ್ದರು. ಮಗಳು ಅವರಿಗೆ ದ್ರಾಕ್ಷಿ ಅಜ್ಜ ಎಂದು ಹೆಸರಿಟ್ಟಿದ್ದಳು. ನನಗೆ ಕಣ್ಣು ತುಂಬಿ ಬರುತ್ತಿತ್ತು.

ಒಂದು ಸಲ ತಿಕೋಟಾದ ಗುಮಾಸ್ತ ತಂಗಿಯ ಮದುವೆಗೆಂದು ರಜೆ ಹಾಕಿದ. ಪಟ್ಟಿ ತೆಗೆಯಲು ನಾನೇ ಬಸ್ಸು ಹತ್ತಿ ಹೋದೆ. ಅಲ್ಲಿ ನೋಡಿದರೆ ಪ್ರಿಂಟರು ಕೆಟ್ಟು ಕೂತಿತ್ತು. ಕೌಂಟರಿನಲ್ಲಿದ್ದ ಸೇಲ್ಸ್‌ಮನ್, "ಎಕ್ಸೆಲ್‌ನಾಗ ತಗೊಂಡು ಮೇಲ್ ಮಾಡ್ಕೋರಿ ಮೇಡಮ್. ಬಬಲೇಶ್ವರದವರು ಕಾಕಾಗ ಹಂಗ ಕಳಸ್ತಾರ," ಎಂದ. ಕಾಕಾ ಅದನ್ನು ಇಲ್ಲಿ ಪ್ರಿಂಟು ತೆಗೆದುಕೊಳ್ಳುತ್ತಾರೇನೋ ಅಂದುಕೊಂಡೆ. ದಡ್ಡಿಗೆ ಅಷ್ಟೇ ಹೊಳೆಯುವುದು.

ಪಟ್ಟಿಯನ್ನು ಎಕ್ಸೆಲ್ಲಿಗೆ ತಂದೆ. ಬಾಣದ ಕೀಲಿ ಒತ್ತಿ ಒಂದೊಂದೇ ಸಾಲು ಕೆಳಗಿಳಿಯುವಾಗ ಎಡಗೈ ಬೆರಳು ಕಂಟ್ರೋಲ್ ಮತ್ತು ಶಿಫ್ಟಿನ ಮೇಲೆ ಬಿದ್ದಿರಬೇಕು. ಮೇಲಿನಿಂದ ಕೊನೆಯ ಸಾಲಿನವರೆಗೆ ಅಂಕಿಗಳ ಇಡೀ ಕಂಬ ಒಮ್ಮೆಲೇ ಬಣ್ಣ ಬದಲಿಸಿ ಆಯ್ಕೆಯಾಯಿತು. ಕೆಳಗಿನ ಮೂಲೆಯಲ್ಲಿ ಅದರ ಮೊತ್ತ ತಾನಾಗಿ ಬಂದು ಕೂತಿತು. ಕ್ಯಾಲ್ಕುಲೇಟರಿನಲ್ಲಿ ನಾನು ಒಂದು ಮಧ್ಯಾಹ್ನ ಪೂರ್ತಿ ಕುಟ್ಟುತ್ತಿದ್ದ ಮೊತ್ತ ಅದು. ಏನೋ ಮುರಿದೆ ಎಂದು ಹೆದರಿ ಕೈ ತೆಗೆದೆ. ಮತ್ತೆ ಒತ್ತಿದೆ. ಮತ್ತೆ ಬಂತು.

ಅಲ್ಲಿಂದ ಹುಚ್ಚು ಹಿಡಿಯಿತು. ಮನೆಯಲ್ಲಿ ರೊಟ್ಟಿ ಬಡಿಯುವಾಗ ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಆನಿಸಿ ವಿಡಿಯೋ ನೋಡಿದೆ. ಒಂದು ಪಟ್ಟಿಯಲ್ಲಿರುವುದನ್ನು ಇನ್ನೊಂದರಲ್ಲಿ ಹುಡುಕಿ ತರುವ ಸೂತ್ರ ಒಂದಿದೆ, ವಿ-ಲುಕಪ್ ಎಂದು. ಮೊದಲು ಚಲನ್ ನಂಬರ್ ಕೊಟ್ಟು ಹುಡುಕಿಸಿದೆ, ಎಲ್ಲ ತಪ್ಪು ಬಂತು. ಒಂದೇ ಚಲನ್ನಿನಲ್ಲಿ ಐದಾರು ಮಾಲು ಇರುತ್ತವೆ, ಅದು ಮೊದಲು ಸಿಕ್ಕದ್ದನ್ನೇ ಎಲ್ಲಕ್ಕೂ ತಂದಿಡುತ್ತದೆ. ಚಲನ್ ನಂಬರಿಗೆ ಮಾಲಿನ ಕೋಡು ಜೋಡಿಸಿ ಎರಡೂ ಪಟ್ಟಿಯಲ್ಲಿ ಹೊಸ ಕಂಬ ಮಾಡಿದೆ. ಆದರೂ ಕೆಲವು ಸಿಗಲಿಲ್ಲ. ನೋಡಿದರೆ ತಿಕೋಟಾದ ಗುಮಾಸ್ತ ನಂಬರಿನ ಮುಂದೆ ಖಾಲಿ ಜಾಗ ಬಿಟ್ಟಿದ್ದ, ಕಣ್ಣಿಗೆ ಕಾಣದ್ದು, ಆದರೆ ಮಷಿನ್ನಿಗೆ ಅದೂ ಒಂದು ಅಕ್ಷರ. ಅದನ್ನು ಕತ್ತರಿಸುವ ಸೂತ್ರವೂ ಇತ್ತು. ಕೊನೆಗೆ ಕಳಿಸಿದ್ದರಲ್ಲಿ ಮುಟ್ಟಿದ್ದನ್ನು ಕಳೆದು, ಸೊನ್ನೆ ಬಂದ ಸಾಲುಗಳನ್ನೆಲ್ಲ ಫಿಲ್ಟರ್ ಹಾಕಿ ಮರೆ ಮಾಡಿದರೆ, ಉಳಿದದ್ದು ಬೆರಳೆಣಿಕೆಯಷ್ಟು. ಅತ್ತಲಿಂದಲೂ ಒಮ್ಮೆ ಹುಡುಕಿಸಿದೆ, ನಾವು ಕಳಿಸದ್ದು ಅವರಲ್ಲಿ ಜಮಾ ಆಗಿದೆಯೇ ಎಂದು.

ಆ ತಿಂಗಳು ಎರಡೂ ರೀತಿ ಮಾಡಿದೆ. ಪೆನ್ಸಿಲಿನಿಂದ ನಾಲ್ಕು ದಿನ, ಕೀಲಿಗಳಿಂದ ಒಂದು ಬೆಳಿಗ್ಗೆ. ಎರಡೂ ಕೂಡಿದವು, ಒಂದು ಸಾಲು ಬಿಟ್ಟು. ಅಲ್ಲಿ ತಪ್ಪಿದ್ದು ನನ್ನ ಹಸಿರು ಪೆನ್ಸಿಲು.

ನನಗೆ ಕುಣಿಯುವಷ್ಟು ಖುಷಿ. ಇನ್ನು ಶನಿವಾರ ಶಾಲೆಗೆ ಹೋಗಬಹುದು! ಸಾಹುಕಾರರಿಗೆ ಹೇಳುವ ಮೊದಲು ಕಾಕಾನಿಗೆ ಹೇಳಬೇಕು ಅನಿಸಿತು. ಗುರುವಿಗೆ ಮೊದಲು ಕಾಣಿಕೆ, ಅದು ರೀತಿ. ಅದೂ ಅಲ್ಲದೆ ಅವರ ಕಣ್ಣಿನ ಪೊರೆ ತೆಗೆಸಿ ಹೆಚ್ಚು ದಿನವಾಗಿರಲಿಲ್ಲ. ಪಾಪ, ಆ ಕಣ್ಣಿನಲ್ಲಿ ಸಾಲು ಸಾಲು ನೋಡುತ್ತಾರಲ್ಲ ಎಂದು ಮರುಗಿದ್ದೆ.

ಕುರ್ಚಿ ಎಳೆದುಕೊಂಡು ಮೊದಲ ಬಾರಿ ಅವರ ಮೇಜಿನ ಆ ಬದಿಗೆ ಹೋಗಿ ಕೂತೆ. "ಕಾಕಾ, ನಿಮಗೊಂದು ಕಲಿಸ್ತೀನ್ರಿ. ಇನ್ನ ಮ್ಯಾಲೆ ಪೆನ್ಸಿಲ್ ಬ್ಯಾಡ."

"ಈ ವಯಸ್ಸಿನಾಗ ನನಗೇನ್ ಕಲಿಸ್ತಿ ಬಿಡವಾ," ಎಂದು ನಕ್ಕರು.

"ಭಾಳ ಸಸಾರ ಅದ ರೀ. ಇಲ್ಲಿ ನೋಡ್ರಿ, ಇದು ಕಂಟ್ರೋಲ್ ಕೀ." ಚಿಕ್ಕ ಮಗುವಿಗೆ ತೋರಿಸಿದಂತೆ ತೋರಿಸಿದೆ. ಅವರು ಬಗ್ಗಿ, ಕಣ್ಣು ಕಿರಿದು ಮಾಡಿ, "ಯಾವದು, ಇದೇನು?" ಎಂದು ಕೇಳಿದರು.

ಆಗ ಅವರಿಗೆ ಫೋನು ಬಂತು, ಸಾಹುಕಾರರದು. ಗೋದಾಮಿನಲ್ಲಿ ನಿಂತಿದ್ದರು, ಬಬಲೇಶ್ವರಕ್ಕೆ ಈ ತಿಂಗಳು ಹೋದ ಪೈಪಿನ ಬಂಡಲ್ ಎಷ್ಟು ಎಂದು ಈಗಿಂದೀಗಲೇ ಬೇಕಿತ್ತು. ಕಾಕಾ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, "ಹೂಂ ರೀ, ಹೇಳ್ತೀನ್ರಿ," ಎನ್ನುತ್ತ ಬಬಲೇಶ್ವರದ ಫೈಲು ತೆರೆದರು. ಎಡಗೈಯ ಎರಡು ಬೆರಳು ಕಂಟ್ರೋಲ್ ಮತ್ತು ಶಿಫ್ಟಿನ ಮೇಲೆ ತಾವಾಗಿ ಹೋಗಿ ಕೂತವು, ಬಲಗೈ ಎಲ್ ಅಕ್ಷರ ಒತ್ತಿತು, ಫಿಲ್ಟರ್ ಬಂತು. ಪೈಪು ಆರಿಸಿದರು. ಮತ್ತೆ ಅವೇ ಎರಡು ಬೆರಳು, ಕೆಳಗಿನ ಬಾಣ, ಕಂಬವೆಲ್ಲ ಬಣ್ಣ ಬದಲಿಸಿತು. ಮೂಲೆಯ ಮೊತ್ತ ನೋಡಿ ಹೇಳಿ ಫೋನಿಟ್ಟರು. ಕೀಲಿಮಣೆಯ ಕಡೆ ಒಮ್ಮೆಯೂ ಕಣ್ಣು ಹಾಯಿಸಲಿಲ್ಲ. ಅದೇ ಫೈಲಿನ ಬದಿಯಲ್ಲಿ ಚಲನ್ ನಂಬರಿಗೆ ಮಾಲಿನ ಕೋಡು ಜೋಡಿಸಿದ ಕಂಬ ಇತ್ತು, ನಾನು ಒದ್ದಾಡಿ ಕಂಡುಕೊಂಡದ್ದು.

ನಾನು ಅವರ ಎಡಗೈಯನ್ನೇ ನೋಡುತ್ತಿದ್ದೆ. ಅವರಿಗೂ ಅರಿವಾಯಿತು. ಕೈಯನ್ನು ಮೆಲ್ಲಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಯಾವಾಗಿಂದ ರೀ ಕಾಕಾ?"

"ನೀ ಬರೂಕಿಂತ ಮೊದಲs."

"ನನಗ ಹೇಳಲಿಲ್ಲ."

"ಹೇಳಿದ್ರ ಎರಡು ಕುರ್ಚಿ ಎದಕ ಬೇಕು ಅಂತ ಸಾಹುಕಾರ ಕೇಳ್ತಿದ್ದ. ಯಾರ ಕುರ್ಚಿ ಹೋಗ್ತಿತ್ತು? ನಿಂದೂ ಉಳೀತು, ನಂದೂ ಉಳೀತು. ನಾ ಕೆಟ್ಟದ್ದೇನ್ ಮಾಡೇನಿ?"

"ನನ್ನ ಕುರ್ಚಿ ಉಳಿಸಾಕ ನನಗs ಹೇಳಬಾರದಿತ್ತೇನ್ರಿ? ಇಬ್ರೂ ಕೂಡಿ ಸುಮ್ಮಿರಬಹುದಿತ್ತಲ್ಲ. ನನ್ನ ಮಗಳ ಶನಿವಾರ ನಿಮಗ ಗೊತ್ತಿತ್ತು."

ರೂಢಿಯಂತೆ ಕಾಕಾನ ಕೈ ಡ್ರಾವರಿಗೆ ಹೋಯಿತು, ಪೊಟ್ಟಣ ಹೊರಗೆ ಬಂತು. ನನಗೆ ಮೈಯೆಲ್ಲ ಉರಿಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಮೇಯ್ದದ್ದೂ ಅಲ್ಲದೆ ಪ್ರತಿ ತಿಂಗಳು ಒಂದು ಹಿಡಿ ಸೊಪ್ಪು ವಾಪಸು ಕೊಡುತ್ತಿತ್ತು. ಪೊಟ್ಟಣ ಮುಟ್ಟದೆ ಎದ್ದೆ. "ಮುಂದಿನ ತಿಂಗಳಿಂದ ಶನಿವಾರ ನಾ ಮಗಳ ಸಾಲಿಗೆ ಹೋಗಾಕಿ. ಸಾಹುಕಾರರಿಗೆ ಏನ್ ಹೇಳ್ತೀರೋ ನೀವs ಹೇಳ್ರಿ," ಎಂದೆ. ನಾನೇ ಹೇಳಿದ್ದರೆ ಅವರ ಕುರ್ಚಿ ಹೋಗುತ್ತಿತ್ತು. ಸಿಟ್ಟು ಅಷ್ಟು ದೂರ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಈಗಲೂ ನನ್ನ ಮೇಲೆ ನನಗೇ ಸಿಟ್ಟಿದೆ.

ಅವರು ಹೇಳಿದರು, ಚೆನ್ನಾಗಿಯೇ ಹೇಳಿದರು. ಮುಂದಿನ ತಿಂಗಳು ನನ್ನ ಪಟ್ಟಿಯನ್ನು ಶುಕ್ರವಾರ ಮಧ್ಯಾಹ್ನವೇ ಮುಗಿಸಿ ಕೊಟ್ಟಿದ್ದೆ. ಶನಿವಾರ ಹೊರಡುವಾಗ ಸಾಹುಕಾರರು ಮೆಟ್ಟಿಲ ಬಳಿ ತಡೆದರು. "ಹೋಗಿ ಬಾರವಾ. ನಿನ್ನ ಪಾಲಿಂದೂ ತಾನs ಮಾಡ್ತೀನಿ ಅಂತ ಕಾಕಾ ಹೇಳ್ಯಾನ. ಈ ಕಣ್ಣಿನಾಗ! ಅಂಥ ಮನಷ್ಯಾ ಸಿಗೂದಿಲ್ಲ ನೋಡು." ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಯಾರ ಕೈಗೆ ಕೆಸರು, ಯಾರ ಬಾಯಿಗೆ ಮೊಸರು ಅಂತ ಗಾದೆ ಮಾಡಿದವರು ಹೇಳಲಿಲ್ಲ. ಕಾಕಾ ಗೋಡೆಗೆ ಬೆನ್ನು ಕೊಟ್ಟು ಪೆನ್ಸಿಲು ಚೂಪು ಮಾಡುತ್ತ ಕೂತಿದ್ದರು.

ಶಾಲೆಯ ಗೇಟಿನಲ್ಲಿ ಮಗಳು ಅಜ್ಜಿಗಾಗಿ ಕಾಯುತ್ತಿದ್ದಳು. ಈಗ ಎಂಟನೇ ಇಯತ್ತೆ, ನನ್ನ ಭುಜಕ್ಕೆ ಬಂದಿದ್ದಾಳೆ. ನನ್ನನ್ನು ಕಂಡು ಅವಳಿಗೆ ಮೊದಲು ಗಾಬರಿಯಾಯಿತು.

"ಅಜ್ಜಿಗೇನಾತು?"

"ಏನೂ ಆಗಿಲ್ಲ. ನಾ ಬಂದೀನಿ."

"ನಿನಗ ಟೀಚರ್ ಗುರ್ತs ಇಲ್ಲಲ್ಲ ಬೇ," ಎಂದಳು. ಸಿಟ್ಟಿನಿಂದಲ್ಲ, ಇದ್ದದ್ದನ್ನು ಹೇಳಿದಳು. ಆಮೇಲೆ ನನ್ನ ಚೀಲ ತಾನು ಹಿಡಿದುಕೊಂಡು, ಯಾವ ಕೋಣೆ, ಯಾವ ಸಾಲು, ಎಲ್ಲಿ ಸಹಿ ಹಾಕಬೇಕು ಎಂದು ತೋರಿಸುತ್ತ ಮುಂದೆ ನಡೆದಳು. ಮೆಟ್ಟಿಲ ಮೇಲೆ ಏನೋ ನೆನಪಾಗಿ ತಿರುಗಿದಳು.

"ಇವತ್ತ ನಿನ್ನ ಹೆಂಗ ಬಿಟ್ರು? ದ್ರಾಕ್ಷಿ ಅಜ್ಜ ಬಿಡ್ಸಿದನೇನು?"

ನಾನು ಮೆಟ್ಟಿಲು ನೋಡಿಕೊಂಡು ಹತ್ತಿದೆ. ಅವಳ ಮುಖ ಅರಳಿತು.

"ನನಗ ಗೊತ್ತಿತ್ತು. ಭಾಳ ಚಲೋ ಅದಾನ ಅಜ್ಜ. ಥ್ಯಾಂಕ್ಸ್ ಹೇಳ ಅವಗ, ಮರೀಬ್ಯಾಡ."

ಹೇಳ್ತೀನಿ ಎಂದೆ.