ಮೂರು, ಒಂದು, ಮೂರು, ಒಂದು

ಕಾಲೇಜಿನಲ್ಲಿ ಎಲ್ಲರೂ ಅವಳನ್ನು ಬೀಜದಕ್ಕ ಎಂದೇ ಕರೆಯುತ್ತಿದ್ದರು. ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷಗಳಿಂದ ಅಟೆಂಡರ್. ಗಾಜಿನ ಸಾಮಾನು ತೊಳೆಯುವುದು, ಸೂಕ್ಷ್ಮದರ್ಶಕಗಳ ಧೂಳು ಒರೆಸುವುದು, ಬೀಗ ಹಾಕಿ ತೆಗೆಯುವುದು ಎಲ್ಲವೂ ಅವಳ ಕೆಲಸವೇ. ಆದರೆ ಹೆಸರು ತಂದುಕೊಟ್ಟದ್ದು ಬಟಾಣಿ.

ತಳಿಶಾಸ್ತ್ರದ ಪಾಠ ಬಂತೆಂದರೆ ಮಕ್ಕಳ ಪ್ರತಿ ಗುಂಪಿಗೂ ಒಂದು ತಟ್ಟೆಯಲ್ಲಿ ನೂರ ಅರವತ್ತು ಒಣ ಬಟಾಣಿ ಬೆರೆಸಿ ಇಡಬೇಕು. ಹಳದಿ ದುಂಡು ತೊಂಬತ್ತು, ಹಳದಿ ಸುಕ್ಕು ಮೂವತ್ತು, ಹಸಿರು ದುಂಡು ಮೂವತ್ತು, ಹಸಿರು ಸುಕ್ಕು ಹತ್ತು. ಮಕ್ಕಳು ಎಣಿಸುತ್ತಾರೆ, ಒಂಬತ್ತು ಮೂರು ಮೂರು ಒಂದು ಬಂತೆಂದು ಹಿಗ್ಗುತ್ತಾರೆ, ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದು ಕ್ಯಾಂಟೀನಿಗೆ ಓಡುತ್ತಾರೆ. ಆಮೇಲೆ ಕಿಟಕಿಯ ಬಳಿ ಕೂತು ಅದನ್ನೆಲ್ಲ ಬೇರ್ಪಡಿಸುವವಳು ಇವಳು. ಮೊದಲು ಕಣ್ಣಳತೆಯಲ್ಲೇ ಬಣ್ಣ. ಹಳದಿ ಒಂದು ಕಡೆ, ಹಸಿರು ಒಂದು ಕಡೆ. ಆಮೇಲೆ ಬೆರಳಲ್ಲಿ ಉರುಳಿಸಿ ದುಂಡೋ ಸುಕ್ಕೋ ನೋಡುವುದು. ಕೈ ಈ ಕೆಲಸ ಮಾಡುತ್ತಿದ್ದರೆ ಕಿವಿ ಮುಂದಿನ ತಂಡಕ್ಕೆ ಮೇಷ್ಟ್ರು ಮಾಡುವ ಪಾಠದ ಕಡೆಗಿರುತ್ತಿತ್ತು. ಹತ್ತೊಂಬತ್ತು ವರ್ಷ ಒಂದೇ ಪಾಠ ಕೇಳಿದರೆ ಗೋಡೆಗೂ ಬಾಯಿಪಾಠ ಬರುತ್ತದೆ. ಬೀಜದಕ್ಕನಿಗೆ ಬಾಯಿಪಾಠವಲ್ಲ, ಅರ್ಥವೇ ಆಗಿತ್ತು. ಹದಿನಾರು ಮನೆಗಳ ಚೌಕ ಬರೆಯುತ್ತ ಒದ್ದಾಡುವ ಹುಡುಗಿಯರ ಹಿಂದೆ ನಿಂತು, "ಅಷ್ಟೊಂದು ಗೀಚ್ಬೇಡಮ್ಮ. ಒಂದೊಂದು ಗುಣ ಬೇರೆ ಬೇರೆ ನೋಡು, ಆಮೇಲೆ ಗುಣಿಸು" ಎಂದು ಪಿಸುಗುಡುವಷ್ಟು.

ಸಂಜೆ ಓದಿ ಹನ್ನೆರಡನೆಯ ತರಗತಿಯನ್ನೂ ಪಾಸು ಮಾಡಿಕೊಂಡಿದ್ದಳು. ಲ್ಯಾಬ್ ಸಹಾಯಕಿಯಾಗಿ ಬಡ್ತಿ ಸಿಗಬೇಕಾದರೆ ಇಲಾಖೆಯ ಪರೀಕ್ಷೆಯೊಂದು ಬಾಕಿ. ಐವತ್ತು ಪ್ರಶ್ನೆ, ಪಾಸಾಗಲು ಮೂವತ್ತು. ನಲವತ್ತೈದು ದಾಟಿದವರು ಬರೆಯುವಂತಿಲ್ಲ. ಅವಳಿಗೆ ನಲವತ್ತೈದು ನಡೆಯುತ್ತಿತ್ತು. ಅಂದರೆ ಇದೇ ಕೊನೆಯ ಸಲ.

ಬಂದದ್ದು ಇಪ್ಪತ್ತೊಂಬತ್ತು.

ನೋಟಿಸ್ ಬೋರ್ಡಿನ ಮುಂದೆ ನಿಂತು ಸರಿಯುತ್ತರಗಳ ಪಟ್ಟಿಯನ್ನು ತನ್ನ ಉತ್ತರಪತ್ರಿಕೆಯ ಪ್ರತಿಯ ಜೊತೆ ಒಂದೊಂದಾಗಿ ತಾಳೆ ನೋಡಿದಳು. ಮೂವತ್ತೇಳನೆಯದಕ್ಕೆ ಬಂದಾಗ ಬೆರಳು ನಿಂತಿತು. ಪ್ರಶ್ನೆ ಹೀಗಿತ್ತು: ಆಕಾರ, ಬಣ್ಣ ಎರಡಕ್ಕೂ ಮಿಶ್ರತಳಿಯಾದ ದುಂಡು ಹಳದಿ ಬಟಾಣಿ ಗಿಡವನ್ನು, ಆಕಾರಕ್ಕೆ ಮಾತ್ರ ಮಿಶ್ರತಳಿಯಾದ ದುಂಡು ಹಸಿರು ಗಿಡದೊಂದಿಗೆ ಸಂಕರಿಸಿದರೆ ಸಿಗುವ ನಾಲ್ಕು ಬಗೆಯ ಸಂತತಿಯ ಅನುಪಾತವೇನು? ಕೆಳಗೆ ಒಂದು ಸಾಲು: ಲೆಕ್ಕ ತೋರಿಸಬೇಕಿಲ್ಲ, ಅಂತಿಮ ಅನುಪಾತ ಮಾತ್ರ ಬರೆಯಿರಿ. ಅವಳು ಬರೆದದ್ದು 3:1:3:1. ಪಟ್ಟಿಯಲ್ಲಿದ್ದದ್ದು 3:3:1:1.

ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಒಳ್ಳೆಯದೇ ಆಯಿತು, ಅಳು ಬಂದಿದ್ದರೆ ಮನೆಗೆ ಹೋಗಿಬಿಡುತ್ತಿದ್ದಳು.

ಪ್ರಶ್ನೆ ಬರೆದವರು ಬೇರಾರೂ ಅಲ್ಲ, ಅವಳದೇ ವಿಭಾಗದ ದೊಡ್ಡ ಮೇಷ್ಟ್ರು. ಆಕ್ಷೇಪಣೆ ಸಲ್ಲಿಸಲು ಮೂರು ದಿನ ಇತ್ತು. ಅವಳು ಆ ಕ್ಷಣವೇ ಹೋಗಿ ಅವರ ಕೋಣೆಯ ಬಾಗಿಲು ತಟ್ಟಿದಳು.

"ಸಾರ್, ಮೂವತ್ತೇಳನೇದು ನಂದೂ ಸರಿ."

ಮೇಷ್ಟ್ರು ಕನ್ನಡಕ ಹಣೆಗೇರಿಸಿ ಅವಳ ಪ್ರತಿ ನೋಡಿದರು. "ಇಲ್ಲ ಬೀಜದಕ್ಕ. ಆಕಾರ ಮೂರಕ್ಕೆ ಒಂದು, ಬಣ್ಣ ಒಂದಕ್ಕೆ ಒಂದು. ದುಂಡು ಹಳದಿ ಮೂರು, ದುಂಡು ಹಸಿರು ಮೂರು, ಸುಕ್ಕು ಹಳದಿ ಒಂದು, ಸುಕ್ಕು ಹಸಿರು ಒಂದು."

"ಅದನ್ನೇ ನಾನೂ ಬರ್ದಿರೋದು ಸಾರ್. ಬಣ್ಣ ಮೊದಲು ಇಟ್ಕೊಂಡೆ. ಹಳದಿ ದುಂಡು ಮೂರು, ಹಳದಿ ಸುಕ್ಕು ಒಂದು, ಹಸಿರು ದುಂಡು ಮೂರು, ಹಸಿರು ಸುಕ್ಕು ಒಂದು. ಯಾವುದು ಮೊದಲು ಅಂತ ಪ್ರಶ್ನೇಲಿ ಎಲ್ಲಿದೆ?"

ಮೇಷ್ಟ್ರು ಪ್ರಶ್ನೆಯನ್ನು ಮತ್ತೆ ಓದಿದರು. ಎಲ್ಲೂ ಇರಲಿಲ್ಲ. ಆದರೂ ಅಷ್ಟು ಸುಲಭಕ್ಕೆ ಮಣಿಯುವ ಆಸಾಮಿ ಅವರಲ್ಲ.

"ಎರಡನೇ ಗಿಡಾನ ತಪ್ಪಾಗಿ ಓದ್ಕೊಂಡು, ಸುಕ್ಕು, ಮಿಶ್ರ ಹಳದಿ ಅಂದ್ಕೊಂಡವರಿಗೂ ಇದೇ ಬರುತ್ತೆ. ಆಗ ಆಕಾರ ಒಂದಕ್ಕೆ ಒಂದು, ಬಣ್ಣ ಮೂರಕ್ಕೆ ಒಂದು. ನಾನು ಬರೆಯೋ ಕ್ರಮದಲ್ಲೇ ಮೂರು, ಒಂದು, ಮೂರು, ಒಂದು. ನೀವು ಹಾಗೆ ಮಾಡಿಲ್ಲ ಅಂತ ನಾನು ಹೇಗೆ ನಂಬ್ಲಿ? ಉತ್ತರ ನೋಡಿದ ಮೇಲೆ ವಿವರಣೆ ಯಾರು ಬೇಕಾದ್ರೂ ಕೊಡ್ತಾರೆ."

ಮಾತು ನ್ಯಾಯವಾದದ್ದೇ. ಬೀಜದಕ್ಕ "ಬಂದೆ ಸಾರ್" ಎಂದು ಲ್ಯಾಬಿಗೆ ಹೋಗಿ, ಬೀಜಗಳ ದಾಸ್ತಾನು ಪುಸ್ತಕವನ್ನು ಎದೆಗವಚಿಕೊಂಡು ತಂದಳು. ಮೇಜಿನ ಮೇಲೆ ಬಿಡಿಸಿಟ್ಟಳು. ಮೊದಲ ಪುಟದಿಂದ ಈ ವರ್ಷದವರೆಗೂ ಅವಳ ಗುಂಡಗಿನ ಅಕ್ಷರದಲ್ಲಿ ಒಂದೇ ಕ್ರಮ: ಹಳದಿ ದುಂಡು, ಹಳದಿ ಸುಕ್ಕು, ಹಸಿರು ದುಂಡು, ಹಸಿರು ಸುಕ್ಕು.

"ನನ್ನ ತಲೇಲಿರೋ ಕ್ರಮ ಇದೇ ಸಾರ್. ಪ್ರತಿ ಪುಟದ ಕೆಳಗೂ ನಿಮ್ಮ ರುಜು ಇದೆ. ಹತ್ತೊಂಬತ್ತು ವರ್ಷ ಒಪ್ಕೊಂಡು ಬಂದಿದ್ದನ್ನ ಇವತ್ತು ತಪ್ಪು ಅಂದ್ರೆ ಹೇಗೆ?"

ಮೇಷ್ಟ್ರು ಪುಟ ತಿರುವಿದರು. ಇನ್ನೊಂದು ತಿರುವಿದರು. ಓದದೆ ರುಜು ಹಾಕುವವರ ಮುಖ ಹೇಗಾಗುತ್ತದೋ ಹಾಗಾಯಿತು ಅವರ ಮುಖ. ಕೊನೆಗೆ ನಕ್ಕುಬಿಟ್ಟರು.

"ಸರಿ, ಸೋತೆ. ನಿಮ್ಮ ಒಂದು ಅಂಕ ಸೇರಿಸೋಕೆ ಇವತ್ತೇ ಚೀಟಿ ಬರೆದುಕೊಡ್ತೀನಿ. ಪುಸ್ತಕ ನೋಡಿದ್ದೀನಿ ಅಂತ ಬರೀತೀನಿ, ಯಾರೂ ತಕರಾರು ತೆಗೆಯಲ್ಲ."

ಅಲ್ಲಿಗೆ ಮುಗಿಯಬೇಕಿತ್ತು. ಮೂವತ್ತು ಆಗಿತ್ತು, ಬಡ್ತಿ ಬಾಗಿಲಿಗೆ ಬಂದು ನಿಂತಿತ್ತು. ಆದರೆ ಬೀಜದಕ್ಕ ಕದಲಲಿಲ್ಲ.

"ನನ್ನ ಹತ್ರ ಪುಸ್ತಕ ಇದೆ ಸಾರ್. ಬೇರೆ ಕಾಲೇಜಲ್ಲಿ ಹೀಗೇ ಬರ್ದೋರ ಹತ್ರ ಏನಿರುತ್ತೆ? ಪ್ರಶ್ನೇಲಿ ಕ್ರಮ ಹೇಳಿಲ್ಲ, ಅದಕ್ಕೆ ಎರಡೂ ಸರಿ ಅಂತ ಬರೀರಿ."

"ಹಾಗೆ ಬರೆದ್ರೆ ಅದು ಇಲಾಖೆಯ ಪರೀಕ್ಷಾ ಸಮಿತಿಗೆ ಹೋಗುತ್ತೆ. ಅವರು ಆಗಲ್ಲ ಅಂದ್ರೆ ನಿಮ್ಮದೂ ಹೋಯ್ತು. ಇನ್ನೊಂದು ಸಲ ಬರೆಯೋಕೆ ನಿಮಗೆ ವಯಸ್ಸಿಲ್ಲ. ಯೋಚನೆ ಮಾಡಿ."

"ಲೆಕ್ಕ ಸರಿಯಿದೆ ಸಾರ್. ಹೋಗ್ಲಿ ಬಿಡಿ ಸಮಿತಿಗೆ."

ಮನೆಯಲ್ಲಿ ಈ ಸುದ್ದಿ ಕೇಳಿ ಅತ್ತೆ ಹಣೆ ಚಚ್ಚಿಕೊಂಡರು. "ಕೈಗೆ ಬಂದ ತುತ್ತು ಬಾಯಿಗೆ ಬರಬಾರದು ಅಂತ ನೀನೇ ತಟ್ಟಿಬಿಟ್ಯಲ್ಲೇ."

"ಬಾಯಿಗೇ ಬರುತ್ತೆ ಅತ್ತೆ. ಸ್ವಲ್ಪ ಸುತ್ತು ಹಾಕ್ಕೊಂಡು ಬರುತ್ತೆ ಅಷ್ಟೇ."

ಹಾಗೆಂದಳೇ ಹೊರತು ಹದಿನೈದು ದಿನ ಅವಳಿಗೆ ಊಟ ಸರಿಯಾಗಿ ಸೇರಲಿಲ್ಲ. ಲೆಕ್ಕದ ಮೇಲೆ ಅವಳಿಗೆ ಅನುಮಾನವಿರಲಿಲ್ಲ. ಸಮಿತಿಯವರಿಗೆ ಲೆಕ್ಕ ಬರುತ್ತದೋ ಇಲ್ಲವೋ ಎಂಬುದೇ ಅನುಮಾನ.

ಬರುತ್ತಿತ್ತು. ಹದಿನಾರನೆಯ ದಿನ ತಿದ್ದಿದ ಪಟ್ಟಿ ಬೋರ್ಡಿಗೆ ಬಂತು. ಮೂವತ್ತೇಳನೆಯ ಪ್ರಶ್ನೆಗೆ ಎರಡೂ ಉತ್ತರ ಸರಿ. ಎಲ್ಲ ಕಾಲೇಜುಗಳಿಂದ ಒಟ್ಟು ಹನ್ನೊಂದು ಜನಕ್ಕೆ ಒಂದೊಂದು ಅಂಕ ಹೆಚ್ಚಾಗಿ, ಬೀಜದಕ್ಕನೂ ಸೇರಿ ನಾಲ್ವರು ಹೊಸದಾಗಿ ಪಾಸಾಗಿದ್ದರು. ಅವಳು ತನ್ನ ಅಂಕವನ್ನು ಎರಡು ಸಲ ಓದಿದಳು. ಆಗ ಬಂತು ಅಳು, ಅಷ್ಟು ದಿನ ಕಾದಿದ್ದು. ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿರುವಾಗ ದೊಡ್ಡ ಮೇಷ್ಟ್ರು ಪಕ್ಕಕ್ಕೆ ಬಂದು ನಿಂತರು.

"ಹನ್ನೊಂದು ಜನ" ಎಂದರು ಮೇಷ್ಟ್ರು, ಪಟ್ಟಿಯನ್ನೇ ನೋಡುತ್ತ. "ಅದರಲ್ಲಿ ಇಬ್ಬರೋ ಮೂವರೋ ಗಿಡಾನೇ ತಪ್ಪಾಗಿ ಓದಿದವರು ಇದ್ದೇ ಇರ್ತಾರೆ. ನಿಮ್ಮ ಹಟದಿಂದ ಅವರಿಗೂ ಪುಕ್ಕಟೆ ಅಂಕ ಸಿಕ್ತು."

"ಇರಬಹುದು ಸಾರ್" ಎಂದಳು ಬೀಜದಕ್ಕ. "ಅವರು ಯಾರು ಅಂತ ಗೊತ್ತಾಗ್ಬೇಕಿದ್ರೆ ನೀವು ಲೆಕ್ಕಾನೂ ಕೇಳ್ಬೇಕಿತ್ತು."