ಕೆಳತುದಿಯ ಬಿಲ

ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಿದ್ದ ಆಕೆಯನ್ನು ಊರಿಗೆ ಊರೇ ದುರ್ಬೀನು ಮೇಡಂ ಅನ್ನುತ್ತಿತ್ತು. ಕತ್ತಿನಲ್ಲಿ ಸರಕ್ಕಿಂತ ದುರ್ಬೀನು ನೇತಾಡಿದ್ದೇ ಹೆಚ್ಚು. ಹೊಳೆಯ ಕಡಿದಾದ ಮಣ್ಣಿನ ದಂಡೆಯಲ್ಲಿ ಬಿಲ ಕೊರೆದು ಮೊಟ್ಟೆಯಿಡುವ ಕಳ್ಳಿಪೀರ ಹಕ್ಕಿಗಳನ್ನು ವರ್ಷಗಟ್ಟಲೆ ಕೂತು ನೋಡಿದವರು ಆಕೆ. ಗಂಡ ತೀರಿಹೋದ ಮೇಲಂತೂ ಬೆಳಗಿನ ಕಾಫಿಯೂ ಫ್ಲಾಸ್ಕಿನಲ್ಲಿ ಹೊಳೆದಂಡೆಗೇ ಹೋಗುತ್ತಿತ್ತು.

ಆ ವರ್ಷ ದಂಡೆಗೆ ಕಲ್ಲು ಕಟ್ಟುವ ಕೆಲಸ ಬಂತು. ಹಿಂದಿನ ಮಳೆಗಾಲದಲ್ಲಿ ನೀರು ತಗ್ಗಿನ ಬೀದಿಗೆ ನುಗ್ಗಿತ್ತು. ಆ ಬೀದಿಯ ಮೊದಲ ಮನೆಯೇ ಮೇಡಂ ಅವರ ತಂಗಿಯದು. ಹಾಸಿಗೆ ಹಿಡಿದ ಅವಳ ಅತ್ತೆಯನ್ನು ಆಗ ಕುರ್ಚಿಯಲ್ಲಿ ಕೂರಿಸಿ, ಎದೆಮಟ್ಟದ ನೀರಿನಲ್ಲಿ ಹೊತ್ತು ತಂದಿದ್ದರು. ಮರಿಯಿರುವ ಗೂಡು ಮುಚ್ಚುವಂತಿಲ್ಲ ಎಂಬ ನಿಯಮವಿದ್ದುದರಿಂದ ಇಂಜಿನಿಯರು ಮೇಡಂ ಬಳಿ ಬಂದು, ಯಾವ ಬಿಲದಲ್ಲಿ ಹಕ್ಕಿ ಇದೆ, ಯಾವುದರಲ್ಲಿ ಇಲ್ಲ ಎಂದು ಹೇಳಿಕೆ ಕೇಳಿದರು. ಮಳೆ ಯಾವ ಗಳಿಗೆಯಲ್ಲಾದರೂ ಹಿಡಿಯುವಂತಿತ್ತು.

ಮೇಡಂ ತಮ್ಮ ಪದ್ಧತಿಯಂತೆ ಪ್ರತಿ ಬಿಲದ ಬಾಯಿಗೂ ಒಂದು ಒಣ ಹುಲ್ಲುಕಡ್ಡಿ ಅಡ್ಡ ಇಟ್ಟರು. ಕಡ್ಡಿ ಬಿದ್ದರೆ ಒಳಗೆ ಯಾರೋ ಹೋಗಿಬಂದಿದ್ದಾರೆ ಎಂದರ್ಥ. ಆದರೆ ಆ ಯಾರೋ ಹಲ್ಲಿಯೂ ಆಗಬಹುದು, ಗಾಳಿಯೂ ಆಗಬಹುದು. ಅದಕ್ಕೆಂದೇ, ಒಳಗೆ ಕುಸಿದು ಮುಚ್ಚಿಹೋಗಿದ್ದ ಹಳೆಯ ಬಿಲಗಳಿಗೂ ಕಡ್ಡಿ ಇಟ್ಟು ನೋಡಿದರು. ಹಕ್ಕಿ ಹೋಗಲಾಗದ ಆ ಬಿಲಗಳಲ್ಲೂ ಕೆಲವು ಕಡ್ಡಿ ಬಿದ್ದವು. ಹಾಗಾಗಿ ಬರೀ ಕಡ್ಡಿಯ ಮಾತು ನಂಬುವಂತಿರಲಿಲ್ಲ. ದೂರದಲ್ಲಿ ಒಂದೇ ಜಾಗದಲ್ಲಿ ಕೂತು, ಹಕ್ಕಿ ಕೊಕ್ಕಿನಲ್ಲಿ ಹುಳ ಹಿಡಿದು ಒಳಹೋಗಿ ಬರಿಗೊಕ್ಕಿನಲ್ಲಿ ಹೊರಬರುವುದು ಮತ್ತೆ ಮತ್ತೆ ಕಂಡ ಬಿಲದಲ್ಲಿ ಮಾತ್ರ ಮರಿ ಇದೆ ಎಂದು ಗುರುತು ಹಾಕಿದರು.

ದಂಡೆಯ ಮೇಲ್ತುದಿಯಲ್ಲಿ ಅಂಥವು ಬಹಳ ಇದ್ದವು. ತಗ್ಗಿನ ಬೀದಿಗೆ ಹತ್ತಿರದ ಕೆಳತುದಿಯಲ್ಲಿ ಒಂದೂ ಕಾಣಲಿಲ್ಲ. ಕಡ್ಡಿಗಳು ಮಾತ್ರ ಬೀಳುತ್ತಿದ್ದವು.

"ಹಾಗಾದ್ರೆ ಕೆಳಗಡೆ ಖಾಲಿ ಅಂತ ಬರ್ಕೊಳ್ಳಲಾ?" ಅಂದರು ಇಂಜಿನಿಯರು.

"ಖಾಲಿ ಅಂತ ನಾನು ಹೇಳ್ಲಿಲ್ಲ. ಹುಳ ಒಯ್ಯೋದು ನೋಡ್ಲಿಲ್ಲ ಅಂದೆ. ಇನ್ನೂ ಮೊಟ್ಟೆ ಮೇಲೆ ಕೂತಿರಬಹುದು."

"ಮೇಡಂ, ನಂಗೆ ಇದೆ ಅಥವಾ ಇಲ್ಲ, ಎರಡರಲ್ಲಿ ಒಂದು ಬೇಕು. ಯಂತ್ರ ಬಂದು ನಿಂತಿದೆ."

ಇನ್ನೊಂದು ಬೆಳಗು ಕೊಡಿ ಎಂದು ಮೇಡಂ ಕೇಳಿಕೊಂಡರು. ಇಂಜಿನಿಯರು ಮೋಡದ ಕಡೆ ನೋಡಿ, ಗೊಣಗುತ್ತ ಒಪ್ಪಿದರು.

ಮರುದಿನ ತಂಗಿಯೂ ಬಂದು ಪಕ್ಕದಲ್ಲಿ ಕೂತಳು. ಹೊಳೆ ಕೆಂಪಗೆ ತಿರುಗಿತ್ತು. ಮೇಲೆಲ್ಲೋ ಮಳೆ ಹಿಡಿದಿತ್ತು. ಅಕ್ಕನ ಕಣ್ಣು ಬಿಲದ ಮೇಲಿದ್ದರೆ ತಂಗಿಯ ಕಣ್ಣು ನೀರಿನ ಮೇಲಿತ್ತು. ಬಿಸಿಲು ಏರಿತು. ಏನೂ ಆಗಲಿಲ್ಲ. ಮೇಡಂಗೆ ಒಳಗೊಳಗೇ ಹಗುರವೆನಿಸತೊಡಗಿತು. ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಯಿತು. ಅಷ್ಟರಲ್ಲಿ ಒಂದು ಹಕ್ಕಿ ಬೇಲಿತಂತಿಯ ಮೇಲೆ ಕೂತು ಏರೋಪ್ಲೇನ್ ಚಿಟ್ಟೆಯನ್ನು ಪಟಪಟ ಬಡಿದು, ಕೆಳತುದಿಯ ಬಿಲವೊಂದಕ್ಕೆ ನುಗ್ಗಿತು. ಹೊರಬಂದಾಗ ಕೊಕ್ಕು ಖಾಲಿ. ಅದು ಬಿಲ ತಪ್ಪಿ ಒಳಹೋಗಿರಬಹುದೇ? ಮೇಡಂ ಕಾದರು. ಮತ್ತೆ ಬಂತು. ಜೊತೆಯದೂ ಬಂತು. ಎರಡೂ ಹುಳ ಕೊಟ್ಟು ಹೋದವು.

ತಂಗಿ ಇದನ್ನು ನೋಡಿರಲಿಲ್ಲ. ಬೇರೆ ಯಾರೂ ನೋಡಿರಲಿಲ್ಲ. ಮೇಡಂ ದುರ್ಬೀನು ಕೆಳಗಿಳಿಸಿದರು.

"ಏನೂ ಇಲ್ಲ ತಾನೇ ಅಕ್ಕಾ?"

"ಒಂದಿದೆ ಕಣೇ."

ತಂಗಿ ತಣ್ಣಗಿನ ದನಿಯಲ್ಲಿ, "ನಮ್ಮತ್ತೇನ ಈ ಸಲ ನೀನೇ ಹೊರು," ಎಂದು ಎದ್ದುಹೋದಳು.

ಮೇಡಂ ಹೇಳಿಕೆ ಬರೆದುಕೊಟ್ಟರು: ಮೇಲ್ತುದಿಯಲ್ಲಿ ಮರಿಗಳಿವೆ, ಕೆಳತುದಿಯ ಒಂದು ಬಿಲದಲ್ಲಿ ಇವೆ, ಉಳಿದವುಗಳ ವಿಷಯ ಖಚಿತವಾಗಿ ಗೊತ್ತಿಲ್ಲ. ಇಂಜಿನಿಯರು ಓದಿ ತಲೆ ಚಚ್ಚಿಕೊಂಡರು. ಆದರೂ ಸುಳ್ಳು ಬರೆಯಿರಿ ಅನ್ನಲಿಲ್ಲ. ಮೇಲ್ತುದಿಯ ಕೆಲಸ ಮುಂದೂಡಿ, ಕೆಳಗಿನ ಆ ಬಿಲದ ಅಕ್ಕಪಕ್ಕ ಒಂದಿಷ್ಟು ದಂಡೆ ಬಿಟ್ಟು, ಅದರ ಬುಡಕ್ಕೆ ಮರಳಿನ ಚೀಲ ಪೇರಿಸಿ, ಉಳಿದ ಕೆಳತುದಿಗೆ ಕಲ್ಲು ಕಟ್ಟಿಸಿದರು. ಗೊತ್ತಿಲ್ಲ ಎಂದು ಬರೆದಿದ್ದ ಬಿಲಗಳು ಮೇಡಂ ಕಣ್ಣೆದುರೇ ಮುಚ್ಚಿಹೋದವು. ಅವುಗಳಲ್ಲಿ ಮೊಟ್ಟೆ ಇದ್ದವೋ ಏನೋ.

ಹೊಳೆ ಉಕ್ಕಿದ ದಿನ ಮೇಡಂ ಮೊದಲೇ ಹೋಗಿ ಆ ಮುದುಕಿಯನ್ನು ತಮ್ಮ ಮನೆಗೆ ಕರೆತಂದಿದ್ದರು. ಬಿಟ್ಟ ಜಾಗದಿಂದ ನೀರು ಒಸರಿ ತಂಗಿಯ ಅಂಗಳ ತುಂಬಿತು, ಹೊಸ್ತಿಲು ದಾಟಲಿಲ್ಲ. ತಂಗಿ ಅಕ್ಕನ ಮನೆಗೆ ದಿನಾ ಬಂದು ಅತ್ತೆಯ ಚಾಕರಿ ಮಾಡಿಹೋಗುತ್ತಿದ್ದಳು, ಅಕ್ಕನ ಜೊತೆ ಮಾತಿಲ್ಲ. ಮುದುಕಿಯೇ ಇಬ್ಬರ ನಡುವೆ ಅಂಚೆಯವಳ ಕೆಲಸ ಮಾಡಿತು.

ನೀರು ಇಳಿದ ಮೇಲೆ ಮೇಡಂ ಹೋಗಿ ನೋಡಿದರು. ಕೆಸರಿನ ಗೆರೆ ಸರಿಯಾಗಿ ಬಿಲದ ಬಾಯಿಗೇ ನಿಂತಿತ್ತು. ಹಕ್ಕಿಗಳು ಇರಲಿಲ್ಲ. ಮರಿಗಳು ಹಾರಿದವೋ, ನೀರು ಒಳಹೊಕ್ಕಿತೋ ಹೇಳಲು ಯಾವ ಗುರುತೂ ಇರಲಿಲ್ಲ.

"ಏನಾಯ್ತು ಮೇಡಂ, ಮರಿ ಹಾರಿದ್ವಾ?" ಇಂಜಿನಿಯರು ನಿಜವಾದ ಕುತೂಹಲದಿಂದಲೇ ಕೇಳಿದರು.

ಮೇಡಂ ಬಿಲದೊಳಗೆ ಇನ್ನೊಮ್ಮೆ ಬಗ್ಗಿ ನೋಡಿ, "ಗೊತ್ತಿಲ್ಲ," ಎಂದರು.