ಕುಷ್ಟಗಿಯ ಮನೆ ಬಿಡಿಸಿಕೊಂಡದ್ದು

ನನ್ನ ಗಂಡ ತೀರಿಕೊಂಡಾಗ ನನಗೆ ಇಪ್ಪತ್ತೇಳು ವರ್ಷ, ಮಗಳಿಗೆ ನಾಲ್ಕು. ಅವರು ಬಿಟ್ಟುಹೋದದ್ದು ಕುಷ್ಟಗಿಯ ಒಂದು ಮನೆ. ಮಣ್ಣಿನ ಮಾಳಿಗೆ, ಎರಡು ಅಂಕಣ, ಹಿತ್ತಲಲ್ಲಿ ಸಿಹಿನೀರಿನ ಬಾವಿ. ಒಂಟಿ ಹೆಂಗಸು ಅಲ್ಲಿರಬಾರದು ಎಂದು ಅಣ್ಣ ಬೇವೂರಿಗೆ ಕರೆದುಕೊಂಡು ಹೋದ. ಮನೆಯನ್ನು ನನ್ನ ಗಂಡನ ಗೆಳೆಯನಿಗೆ ಬಾಡಿಗೆಗೆ ಕೊಟ್ಟೆವು. ಆತ ಕಾಳಿನ ವ್ಯಾಪಾರಿ. ನನ್ನ ಗಂಡನಿಗೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ. ನನ್ನನ್ನು ಯಾವಾಗಲೂ ಅಣ್ಣನ ಹೆಂಡತಿಯನ್ನು ಕರೆಯುವ ಹಾಗೆ ವೈನಿ ಎಂದೇ ಕರೆಯುತ್ತಿದ್ದ. ಬಾಯಿಮಾತು ಸಾಕೆಂದು ನಾನಂದರೆ, ವ್ಯವಹಾರ ವ್ಯವಹಾರದ ಹಾಗೆ ಇರಲಿ ಎಂದು ಅವನೇ ಸ್ಟಾಂಪಿನ ಕಾಗದ ತಂದು ಮೂರು ವರ್ಷದ ಕರಾರು ಬರೆಸಿದ. ಸಾಕ್ಷಿಗೆ ಇಬ್ಬರು ನೆರೆಯವರು ರುಜು ಹಾಕಿದರು.

ಆ ಮೂರು ವರ್ಷ ಅಣ್ಣನ ಮನೆಯಲ್ಲಿ ನಾನು ಹೇಗಿದ್ದೆ ಎಂಬುದನ್ನು ಹೆಚ್ಚು ಬರೆಯಲಾರೆ. ಉಣ್ಣಲು ಕಡಿಮೆಯಾಗಲಿಲ್ಲ. ಆದರೆ ನನ್ನ ಮಗಳು ಎರಡನೇ ರೊಟ್ಟಿಗೆ ಕೈ ಚಾಚುವ ಮೊದಲು ಅತ್ತಿಗೆಯ ಮುಖ ನೋಡುವುದನ್ನು ಕಲಿತಳು. ಅದನ್ನು ಕಂಡ ದಿನವೇ, ಕರಾರು ಮುಗಿದ ಮೇಲೆ ನನ್ನ ಮನೆಗೆ ಹೋಗಿಬಿಡಬೇಕು ಎಂದು ನಿಶ್ಚಯಿಸಿದೆ.

ಕರಾರಿನ ಅವಧಿ ಮುಗಿಯುವ ಎರಡು ತಿಂಗಳ ಮೊದಲೇ ಆತನಿಗೆ ಹೇಳಿದೆ. "ಆಗ್ಲಿ ವೈನಿ, ನಿಮ್ಮ ಮನಿ, ನೀವು ಯಾವಾಗ ಬೇಕಾದ್ರೂ ಬರ್ರಿ" ಅಂದ. ಅವಧಿ ಮುಗಿಯಿತು. ಸುಗ್ಗಿ ಮುಗಿಯಲಿ ಅಂದ, ಆಮೇಲೆ ಹೆಂಡತಿಗೆ ಹುಷಾರಿಲ್ಲ ಅಂದ. ನಾಲ್ಕನೆಯ ತಿಂಗಳು ಹೋದಾಗ ಕಟ್ಟೆಯ ಮೇಲಿಂದ ಏಳದೆಯೇ, ಒಂಟಿ ಹೆಣ್ಣಿಗೆ ಇಷ್ಟು ದೊಡ್ಡ ಮನೆ ಏಕೆ, ಅಣ್ಣನಿಲ್ಲವೇ ಎಂದು ಕೇಳಿದ. ಕುಡಿಯಲು ನೀರೂ ಕೊಡಲಿಲ್ಲ. ನನ್ನದೇ ಬಾವಿಯ ನೀರು.

ಒಮ್ಮೆ ಆ ಗೆಳೆಯನ ಮನೆಯವರೆಲ್ಲ ಮದುವೆಗೆ ಕುಕನೂರಿಗೆ ಹೋಗಿದ್ದಾರೆಂದು ತಿಳಿಯಿತು. ಚೀಲದಲ್ಲಿ ಒಂದು ಹೊಸ ಬೀಗ ಇಟ್ಟುಕೊಂಡು ಕುಷ್ಟಗಿಗೆ ಬಂದೆ. ಅವರ ಬೀಗ ಒಡೆಸಿ ಸಾಮಾನು ಹೊರಗಿಡಿಸುವುದೇ ಸೈ ಎಂದು ಬಡಿಗನ ಮನೆ ಹುಡುಕುತ್ತಿದ್ದವಳು ಅದೇಕೋ ಮೊದಲು ಊರಿನ ವಕೀಲರೊಬ್ಬರ ಮನೆಗೆ ಹೋದೆ. ಅವರು ವಯಸ್ಸಾದವರು, ಒಂದು ಕಿವಿ ಮಂದ.

"ಅಕ್ಕಾರ, ಆ ಬೀಗ ಚೀಲದಾಗ ಇರ್ಲಿ" ಅಂದರು. "ಮನಿ ನಿಮ್ದ ಖರೆ. ಆದ್ರ ಕಬ್ಜಾ ಅವನ್ದೈತಿ, ಒಳಗ ಇರಾಂವ ಅವನ. ಕೈಯಾರ ಹೊರಗ ಹಾಕಿದ್ರ ನಾಳೆ ಅವನ ಫಿರ್ಯಾದಿ, ನೀವ ಆರೋಪಿ. ಕೋರ್ಟಿನ ಕೈಲೆ ಹೊರಗ ಹಾಕಸ್ರಿ."

ಕರಾರನ್ನು ಓದಿಸಿಕೊಂಡು ಎರಡು ಮಾತು ಹೇಳಿದರು. ಅವಧಿ ಮುಗಿದ ಮೇಲಿನ ಬಾಡಿಗೆ ಎಂದು ಒಂದು ಪೈಸೆಯನ್ನೂ ಮುಟ್ಟಬಾರದು. ಮುಟ್ಟಿದರೆ ಅವನು ಮುಂದುವರಿಯಲು ನಾನೇ ಒಪ್ಪಿದೆ ಎಂದಾಗುತ್ತದೆ. ನಾನು ಮುಟ್ಟಿಲ್ಲ ಅಂದೆ. ಎರಡನೆಯದು, ಮೊದಲು ನೋಟಿಸು. ಕರಾರು ತಾನಾಗಿಯೇ ಮುಗಿದಿದೆ, ನೋಟಿಸು ಬೇಕೇಬೇಕು ಎಂದೇನಿಲ್ಲ. ಆದರೂ ಬಾಡಿಗೆಯ ತಿಂಗಳ ಕೊನೆಗೆ ಮನೆ ಖಾಲಿ ಮಾಡು ಎಂದು ಮುಂಚಿತವಾಗಿ ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸೋಣ ಎಂದರು. ಅದು ಮುದುಕರ ಅತಿ ಜಾಗ್ರತೆ ಎಂದು ನನಗೆ ಆಗ ಅನಿಸಿತು.

ಅಣ್ಣನಿಗೆ ಕೋರ್ಟಿನ ಮಾತು ಹೇಳಿದಾಗ ಅವನು ಊಟ ಅರ್ಧಕ್ಕೆ ಬಿಟ್ಟು ಎದ್ದ. ಮನೆತನದ ಹೆಣ್ಣುಮಗಳು ಕಚೇರಿ ಮೆಟ್ಟಿಲು ಹತ್ತುವುದೇ, ಇನ್ನೊಂದು ವರ್ಷ ತಡೆ ಎಂದ. ಮಾನಕ್ಕೆ ಅಂಜಿದ್ದಾನೆ ಎಂದುಕೊಂಡೆ.

ನೋಟಿಸಿಗೆ ಉತ್ತರ ಬರಲಿಲ್ಲ. ನನ್ನ ಕೊರಳಿನ ಒಂದೆಳೆ ಸರ ಮಾರಿ, ಕೋರ್ಟಿನ ಸ್ಟಾಂಪಿಗೆ ಹಣ ಕಟ್ಟಿ ದಾವೆ ಹಾಕಿದೆ. ಮನೆ ಕುಷ್ಟಗಿಯಲ್ಲಿದ್ದುದರಿಂದ ಅಲ್ಲಿನ ಮುನ್ಸೀಫರ ಕೋರ್ಟಿನಲ್ಲೇ. ಮನೆಯ ಕಬ್ಜಾ ಕೊಡಿಸಬೇಕು, ಅವಧಿ ಮುಗಿದ ಮೇಲೆ ಅವನು ಇದ್ದಷ್ಟು ದಿನಕ್ಕೆ ಪರಿಹಾರ ಕೊಡಿಸಬೇಕು ಎಂದು ಬರೆದಿತ್ತು. ಆಗ ಕಚೇರಿಯ ಭಾಷೆ ಉರ್ದು, ಕಾಗದವೆಲ್ಲ ಅದರಲ್ಲೇ. ವಕೀಲರು ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದ ಮೇಲೆ ನಾನು ಕನ್ನಡದಲ್ಲಿ ರುಜು ಹಾಕಿದೆ.

ಆಮೇಲೆ ಬರೀ ತಾರೀಖುಗಳು. ಬೇವೂರಿನಿಂದ ಬಂಡಿಯಲ್ಲಿ ಬರುವುದು, ಬೇವಿನ ಗಿಡದ ಕೆಳಗೆ ಕೂರುವುದು, ಮುಂದಿನ ತಾರೀಖು ಕೇಳಿಕೊಂಡು ಹೋಗುವುದು. ಒಂದು ವರ್ಷ ಹೀಗೆ ಕಳೆಯಿತು. ಕೊನೆಗೆ ಅವನ ಜವಾಬು ಬಂತು. ಅವಧಿ ಮುಗಿದ ಮೇಲೂ ಬಾಡಿಗೆ ಪಡೆದಿದ್ದಾರೆ, ಆದ್ದರಿಂದ ಕರಾರು ಮುಂದುವರಿದಿದೆ ಎಂದು ಅದರಲ್ಲಿತ್ತು. ಜೊತೆಗೆ ಎರಡು ತಿಂಗಳ ರಸೀದಿ. ವಕೀಲರು ಅದನ್ನು ನನ್ನ ಮುಂದೆ ಹಿಡಿದರು. ರುಜು ನನ್ನ ಅಣ್ಣನದು.

ಆ ಸಂಜೆಯೇ ಮನೆಗೆ ಬಂದು ಕೇಳಿದೆ. ಎತ್ತು ಕೊಳ್ಳಲು ಹಣ ಬೇಕಾಗಿತ್ತು, ಬಾಡಿಗೆ ಎಂದು ಅವನೇ ತಂದುಕೊಟ್ಟ, ನಿನ್ನನ್ನು ಸಾಕಿದ್ದಕ್ಕೆ ಅಷ್ಟೂ ಹಕ್ಕಿಲ್ಲವೇ ಎಂದು ಅಣ್ಣ ಕೇಳಿದ. ನನ್ನ ಮಗಳು ಅಲ್ಲೇ ಕುಳಿತು ಎಲ್ಲ ಕೇಳಿಸಿಕೊಂಡಳು.

ರಸೀದಿ ರುಜುವಾತು ಮಾಡಲು ಅಣ್ಣನನ್ನೇ ಅವರ ಕಡೆಯ ಸಾಕ್ಷಿಯಾಗಿ ಕರೆಸಿದರು. ಅವನು ರುಮಾಲು ಸುತ್ತಿಕೊಂಡು, ನನ್ನ ಕಡೆ ನೋಡದೆ ಬಂದು ನಿಂತ. ರುಜು ತನ್ನದೇ ಎಂದು ಒಪ್ಪಿದ. ಆಮೇಲೆ ನಮ್ಮ ವಕೀಲರು ಎದ್ದರು.

"ಬಾಡಿಗಿ ತಗೊಳ್ಳಾಕ ನಿಮ್ಮ ತಂಗಿ ಮುಖತ್ಯಾರಪತ್ರ ಕೊಟ್ಟಿದ್ರೇನು?"

"ಇಲ್ರಿ."

"ಬಾಯಿಲೆರ ಹೇಳಿದ್ರೇನು?"

ಹೇಳಿದ್ದಳು ಎಂದು ಒಂದು ಸುಳ್ಳು ಆಡಿದ್ದರೆ ಅಣ್ಣನ ಮರ್ಯಾದೆ ಉಳಿಯುತ್ತಿತ್ತು.

"ಇಲ್ರಿ. ಆಕಿಗೆ ಗೊತ್ತಿಲ್ಲ."

ತೀರ್ಪು ನನ್ನ ಕಡೆ ಆಯಿತು. ಅಣ್ಣನಿಗೆ ಬಾಡಿಗೆ ವಸೂಲಿಯ ಅಧಿಕಾರ ಇರಲಿಲ್ಲ, ಒಡತಿ ಒಪ್ಪದೆ ಕರಾರು ಮುಂದುವರಿಯುವುದಿಲ್ಲ ಎಂದು ಮುನ್ಸೀಫರು ಬರೆದರು. ಒಂದು ವೇಳೆ ಒಪ್ಪಿದ್ದಳು ಎಂದುಕೊಂಡರೂ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಆಗುತ್ತಿತ್ತು, ಆಮೇಲೆ ಕೊಟ್ಟ ನೋಟಿಸಿನಿಂದ ಅದೂ ಮುಗಿದಿದೆ ಎಂದರು. ಮುದುಕರ ಅತಿ ಜಾಗ್ರತೆಯ ಬೆಲೆ ಗೊತ್ತಾದದ್ದು ಆಗ. ಖಾಲಿ ಮಾಡಲು ಎರಡು ತಿಂಗಳು ಕೊಟ್ಟರು.

ಹೊರಗೆ ಬಂದಾಗ ಅಣ್ಣ ಗಿಡದ ಕೆಳಗೆ ನಿಂತಿದ್ದ. "ನಾಕ ಮಂದಿ ಮುಂದ ನನ್ನ ಕಳ್ಳನ್ನ ಮಾಡಿದಿ" ಅಂದ. ಬಂಡಿ ಹೂಡಿಕೊಂಡು ಒಬ್ಬನೇ ಹೊರಟುಹೋದ. ಆ ರಾತ್ರಿ ನಾನು ವಕೀಲರ ಮನೆಯ ಪಡಸಾಲೆಯಲ್ಲಿ ಮಲಗಿದೆ. ಮೂರು ದಿನ ಬಿಟ್ಟು ಬಾಡಿಗೆ ಬಂಡಿಯಲ್ಲಿ ಹೋಗಿ ಮಗಳನ್ನು ಕರೆತಂದೆ. ಅತ್ತಿಗೆ ನಮ್ಮ ಗಂಟನ್ನು ಬಾಗಿಲ ಹೊರಗೆ ಇಟ್ಟಿದ್ದಳು. ಮನೆ ಕೈಗೆ ಬರುವವರೆಗೆ ವಕೀಲರ ಪಡಸಾಲೆಯಲ್ಲೇ ಇದ್ದೆವು.

ಎರಡು ತಿಂಗಳು ಮುಗಿದರೂ ಗೆಳೆಯ ಕದಲಲಿಲ್ಲ. ಅಪೀಲು ಹಾಕುತ್ತೇನೆ ಎಂದು ಹೇಳಿಕೊಂಡು ತಿರುಗಿದ. ಅಪೀಲು ಹಾಕಿದರೂ ಮೇಲಿನ ಕೋರ್ಟು ತಡೆ ಕೊಡದ ಹೊರತು ಡಿಕ್ರಿ ಜಾರಿಯಾಗುವುದು ನಿಲ್ಲುವುದಿಲ್ಲ ಎಂದು ವಕೀಲರು ಜಾರಿಗೆ ಇನ್ನೊಂದು ಅರ್ಜಿ ಕೊಟ್ಟರು. ಒಂದು ಮುಂಜಾನೆ ಕೋರ್ಟಿನ ಅಮೀನರು ವಾರಂಟು ಹಿಡಿದು ಇಬ್ಬರು ಜವಾನರೊಂದಿಗೆ ಬಂದರು. ಓಣಿಯ ಇಬ್ಬರನ್ನು ಪಂಚರೆಂದು ಕರೆದು, ಒಂದೊಂದು ಸಾಮಾನೂ ಬರೆದುಕೊಂಡು ಹೊರಗಿಡಿಸಿದರು. ಯಾರೂ ಯಾರ ಮೇಲೂ ಕೈ ಮಾಡಲಿಲ್ಲ. ಅವನ ಹೆಂಡತಿ ಕೊನೆಗೆ ಬೀಸುಕಲ್ಲಿನ ಮೇಲೆ ಕೈಯಿಟ್ಟು ನಿಂತಳು. ಅವಳಿಗೆ ಈ ಕರಾರು, ರಸೀದಿ ಯಾವುದೂ ಗೊತ್ತಿರಲಿಲ್ಲ. "ನಿಮ್ಮ ಮನಿ ಅಂತ ನನಗ ಹೇಳಿದ್ದಿಲ್ರಿ ಅಕ್ಕಾ, ನಾವು ಕೊಂಡೀವಿ ಅಂದಿದ್ರು" ಅಂದಳು. ಅಮೀನರು ನನ್ನ ಕೈಗೆ ಬೀಗದ ಕೈ ಕೊಟ್ಟು ಪಂಚನಾಮೆಗೆ ರುಜು ಮಾಡಿಸಿಕೊಂಡರು.

ಪರಿಹಾರದ ಹಣಕ್ಕೆ ನಾನು ಬೆನ್ನು ಹತ್ತಲಿಲ್ಲ. ಮತ್ತೆ ಆ ಗಿಡದ ಕೆಳಗೆ ಕೂರುವ ಶಕ್ತಿ ಇರಲಿಲ್ಲ. ಹೊಲಿಗೆ ಕಲಿತು, ಎರಡು ಎಮ್ಮೆ ಕಟ್ಟಿ ಆ ಮನೆಯಲ್ಲೇ ಮಗಳನ್ನು ಬೆಳೆಸಿದೆ. ಅವಳ ಮದುವೆಗೆ ಅಣ್ಣನನ್ನು ಕರೆಯಲು ನಾನೇ ಬೇವೂರಿಗೆ ಹೋದೆ. ಅವನು ಒಳಗಿದ್ದ, ಕೆಮ್ಮು ಕೇಳಿಸುತ್ತಿತ್ತು. ಊರಾಗಿಲ್ಲ ಎಂದು ಅತ್ತಿಗೆ ಹೇಳಿದಳು. ಅಕ್ಷತೆಯನ್ನು ಹೊಸ್ತಿಲ ಮೇಲಿಟ್ಟು ಬಂದೆ. ಮದುವೆಗೆ ಅವರ ಕಡೆಯಿಂದ ಯಾರೂ ಬರಲಿಲ್ಲ.